ನಲವತ್ತು ಮೀಟರ್ ಎಂದರೆ ಯಾವ ನಲವತ್ತು?

ಕಳೆದ ಬೇಸಿಗೆ ರಜೆಯಲ್ಲಿ ನಾನು ಶಿರಸಿಯಲ್ಲಿ ನನ್ನ ಮಾಮು ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. ಮಾಮು ಅಂಗಡಿ, ಕಚೇರಿಗಳಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ರಿಪೇರಿ ಮಾಡುತ್ತಾರೆ. ನಾನು ವಾಣಿಜ್ಯ ವಿಭಾಗದವನು. ವಿಜ್ಞಾನ ವಿಭಾಗದ ಗೆಳೆಯರಿಗೆ ಇದರಲ್ಲಿ ತಪ್ಪು ಕಂಡರೆ ಕ್ಯಾಂಟೀನಿನಲ್ಲಿ ಸಿಕ್ಕಾಗ ಹೇಳಿ. ಆದರೆ ಇಲ್ಲಿ ಬರೆದಿರುವ ಅಳತೆಗಳನ್ನು ನಾನೇ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ.

ಏಪ್ರಿಲ್‌ನಲ್ಲಿ ಸಿದ್ದಾಪುರದ ಒಂದು ಅಡಿಕೆ ವ್ಯಾಪಾರದ ಮಳಿಗೆಯಿಂದ ಫೋನ್ ಬಂತು. ಅಲ್ಲಿ ಮುಂದೆ ಆಫೀಸು, ಹಿಂದೆ ತೂಕದ ಕೋಣೆ. ಎರಡರ ನಡುವೆ ಹೆಂಚಿನ ಮಾಡಿನ ಉದ್ದನೆಯ ಗೋದಾಮು. ಆಫೀಸಿನ ಸ್ವಿಚ್‌ನಿಂದ ಒಂದು ನೆಟ್‌ವರ್ಕ್ ಕೇಬಲ್ ಅಟ್ಟ ಹತ್ತಿ, ಪಕಾಸುಗಳ ಮೇಲೆ ಹಾದು, ಹಿಂದಿನ ಕೋಣೆಯಲ್ಲಿ ಇಳಿಯುತ್ತದೆ. ಎರಡು ದಿನದಿಂದ ತೂಕದ ಕೋಣೆಯ ಕಂಪ್ಯೂಟರಿಗೆ ನೆಟ್‌ವರ್ಕ್ ಇರಲಿಲ್ಲ. ಚಾಲಿ ಬರುವ ಸಮಯ. ತೂಕದ ಚೀಟಿಯನ್ನು ಒಬ್ಬ ಹುಡುಗ ಕೈಯಲ್ಲಿ ಹಿಡಿದುಕೊಂಡು ಆಫೀಸಿಗೆ ಓಡುತ್ತಿದ್ದ.

ನಾವು ಹೋದಾಗ ಅಲ್ಲಿ ಇನ್ನೊಬ್ಬರು ಕುಳಿತಿದ್ದರು. ಹಿಂದಿನ ವಾರ ಗೋದಾಮಿಗೆ ಫ್ಯಾನಿನ ವೈರಿಂಗ್ ಮಾಡಿದ್ದ ಎಲೆಕ್ಟ್ರಿಷಿಯನ್ ಅಣ್ಣ. ಅವರು ಹೊಸ ವೈರಿಗೆ ಕ್ಲಿಪ್ ಹೊಡೆಯುವಾಗ ನೆಟ್‌ವರ್ಕ್ ಕೇಬಲನ್ನೂ ಅದೇ ಗೋಡೆಗೆ ಸೇರಿಸಿ ಹೊಡೆದಿದ್ದರಂತೆ.

"ಭಾಯ್, ಇವನ ಮೊಳೆಯೇ ಕೇಬಲಿಗೆ ಹೊಕ್ಕಿದ್ದು. ಹೊಸ ಕೇಬಲ್ ಎಳೆಯಿರಿ, ಖರ್ಚು ಇವನ ಕೂಲಿಯಲ್ಲಿ ಮುರಿದುಕೊಳ್ಳುತ್ತೇನೆ" ಎಂದರು ಯಜಮಾನರು.

ಎಲೆಕ್ಟ್ರಿಷಿಯನ್ ಅಣ್ಣ ಏನೂ ಹೇಳಲಿಲ್ಲ. ಮಾಮು ಮಾತ್ರ, "ಅರ್ಧ ಗಂಟೆ ಕೊಡಿ ಯಜಮಾನ್ರೇ, ಎಲ್ಲಿ ಹೋಗಿದೆ ಅಂತ ಮೊದಲು ನೋಡುವ" ಎಂದು ಚೀಲ ಬಿಚ್ಚಿದರು.

ಚೀಲದಲ್ಲಿದ್ದದ್ದು ಮಾಮು ಹಳೆಯದಾಗಿ ಕೊಂಡ ಒಂದು ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್. ಮಳಿಗೆಯ ಸಣ್ಣ ಸ್ವಿಚ್‌ಗೆ ದೀಪ ಉರಿಸುವುದು ಬಿಟ್ಟು ಬೇರೇನೂ ಹೇಳಲು ಬರುವುದಿಲ್ಲ. ಆದರೆ ಇಂಥ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಗಿಗಾಬಿಟ್ ಪೋರ್ಟ್‌ಗೆ ಸಿಕ್ಕಿಸಿದ ತಾಮ್ರದ ಕೇಬಲನ್ನು ಪರೀಕ್ಷಿಸುವ ಸೌಲಭ್ಯ ಇರುತ್ತದೆ. ಅದು ಕೇಬಲ್ ಕೆಟ್ಟಿದೆ ಎಂದು ಹೇಳುವುದರ ಜೊತೆಗೆ ಎಷ್ಟು ಮೀಟರ್ ದೂರದಲ್ಲಿ ಕೆಟ್ಟಿದೆ ಎಂದೂ ಹೇಳುತ್ತದೆ. ಅದರ ಹೆಸರು ಟೈಮ್ ಡೊಮೇನ್ ರಿಫ್ಲೆಕ್ಟೊಮೆಟ್ರಿ. ಇನ್ನು ಮುಂದೆ ಟಿಡಿಆರ್ ಎನ್ನುತ್ತೇನೆ.

ಅದು ಹೇಗೆ ಎಂದು ಮಾಮು ನನಗೆ ಬಟ್ಟೆ ಒಣಗಿಸುವ ಹಗ್ಗದಲ್ಲಿ ತೋರಿಸಿದ್ದರು. ಉದ್ದನೆಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿ, ಇನ್ನೊಂದನ್ನು ಹಿಡಿದು ಒಮ್ಮೆ ಮೇಲಕ್ಕೆ ಜಾಡಿಸಿ. ಒಂದು ಉಬ್ಬು ಹಗ್ಗದಲ್ಲಿ ಓಡಿ ಕಂಬ ಮುಟ್ಟಿ ವಾಪಸ್ ಬರುತ್ತದೆ, ಆದರೆ ತಲೆಕೆಳಗಾಗಿ. ತುದಿಯನ್ನು ಕಂಬಕ್ಕೆ ಬಿಗಿಯದೆ ಸಡಿಲವಾಗಿ ಆಡಲು ಬಿಟ್ಟರೆ ಉಬ್ಬು ಮೇಲ್ಮುಖವಾಗಿಯೇ ವಾಪಸ್ ಬರುತ್ತದೆ. ಕೇಬಲಿನಲ್ಲೂ ಹೀಗೆಯೇ. ಸ್ವಿಚ್ ಒಂದು ಜೋಡಿ ತಂತಿಯ ಮೇಲೆ ಬಹಳ ಚಿಕ್ಕ ವಿದ್ಯುತ್ ಪಲ್ಸ್ ಬಿಡುತ್ತದೆ. ತಂತಿ ತುಂಡಾಗಿದ್ದರೆ ಪಲ್ಸ್ ಅಲ್ಲಿಂದ ನೆಟ್ಟಗೆ ಹಿಂದಿರುಗುತ್ತದೆ, ಇದಕ್ಕೆ ಓಪನ್ ಎನ್ನುತ್ತಾರೆ. ಜೋಡಿಯ ಎರಡು ತಂತಿಗಳು ಒಂದಕ್ಕೊಂದು ತಾಗಿದ್ದರೆ ತಲೆಕೆಳಗಾಗಿ ಹಿಂದಿರುಗುತ್ತದೆ, ಇದು ಶಾರ್ಟ್. ಕೇಬಲ್ ಸರಿಯಾಗಿದ್ದು ಆ ತುದಿಯಲ್ಲಿ ಕಂಪ್ಯೂಟರ್ ಸಿಕ್ಕಿಸಿದ್ದರೆ ಪಲ್ಸ್ ಅಲ್ಲೇ ಇಂಗಿಹೋಗುತ್ತದೆ, ಏನೂ ವಾಪಸ್ ಬರುವುದಿಲ್ಲ. ಈ ಕೇಬಲಿನ ಪ್ರತಿ ಜೋಡಿಯ ಇಂಪೀಡೆನ್ಸ್ 100 ಓಮ್. ಕಂಪ್ಯೂಟರಿನ ಕಡೆಯೂ ಅಷ್ಟೇ ಇರುವುದರಿಂದ ಪಲ್ಸ್‌ಗೆ ದಾರಿ ಬದಲಾದದ್ದೇ ಗೊತ್ತಾಗುವುದಿಲ್ಲ.

ದೂರ ಸಿಗುವುದು ಸಮಯದಿಂದ. ಕೇಬಲಿನೊಳಗೆ ಪಲ್ಸ್ ಬೆಳಕಿನ ವೇಗದ ಸುಮಾರು ಮೂರನೇ ಎರಡು ಭಾಗದಷ್ಟು ವೇಗದಲ್ಲಿ ಓಡುತ್ತದೆ. ಅಂದರೆ ಒಂದು ನ್ಯಾನೊಸೆಕೆಂಡಿಗೆ ಹೆಚ್ಚುಕಡಿಮೆ 20 ಸೆಂಟಿಮೀಟರ್. ಹೋಗಿ ಬರಲು ಹಿಡಿದ ಸಮಯವನ್ನು ಈ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಕೆಟ್ಟ ಜಾಗದ ದೂರ. ಇಷ್ಟು ಚುರುಕಾದ ಗಡಿಯಾರ ಸ್ವಿಚ್‌ನಲ್ಲಿ ಮೊದಲೇ ಯಾಕಿದೆ ಎಂದು ನಾನು ಕೇಳಿದ್ದೆ. 1999ರಲ್ಲಿ ಬಂದ ತಾಮ್ರದ ಗಿಗಾಬಿಟ್ ಪದ್ಧತಿಯಲ್ಲಿ ನಾಲ್ಕೂ ಜೋಡಿಗಳ ಮೇಲೆ ಎರಡೂ ಕಡೆಯವರು ಒಂದೇ ಸಮಯಕ್ಕೆ ಮಾತಾಡುತ್ತಾರೆ. ತನ್ನದೇ ಮಾತಿನ ಪ್ರತಿಧ್ವನಿಯನ್ನು ಕಳೆಯದಿದ್ದರೆ ಆಚೆಯವರದ್ದು ಕೇಳುವುದಿಲ್ಲ. ಹಾಗಾಗಿ ಗಿಗಾಬಿಟ್ ಚಿಪ್‌ಗೆ ಪ್ರತಿಧ್ವನಿ ಅಳೆಯುವುದು ದಿನನಿತ್ಯದ ಕೆಲಸ. ಟಿಡಿಆರ್‌ನಲ್ಲಿ ಅದೇ ವಿದ್ಯೆಯನ್ನು ಬೇರೆ ಉಪಯೋಗಕ್ಕೆ ಹಚ್ಚಿದ್ದಾರೆ.

ಮಾಮು ಆಫೀಸಿನ ಕಡೆಯ ಕೇಬಲನ್ನು ಕಿತ್ತು ನಮ್ಮ ಸ್ವಿಚ್‌ನ ಮೂರನೇ ಪೋರ್ಟ್‌ಗೆ ಹಾಕಿದರು. ನಾನು ಲ್ಯಾಪ್‌ಟಾಪಿನಿಂದ ಎರಡು ಆದೇಶ ಕೊಟ್ಟೆ. ಮೊದಲನೆಯದು ಪರೀಕ್ಷೆ ಮಾಡುತ್ತದೆ. ಕೆಲವು ಸೆಕೆಂಡು ಕಾದು ಎರಡನೆಯದನ್ನು ಕೊಟ್ಟರೆ ಫಲಿತಾಂಶ ತೋರಿಸುತ್ತದೆ.

```
test cable-diagnostics tdr interface gigabitethernet 0/3
show cable-diagnostics tdr interface gigabitethernet 0/3
```

ಮೊದಲ ಸಲ ನಾನು ಒಂದು ತಪ್ಪು ಮಾಡಿದೆ. ಹಿಂದಿನ ಕೋಣೆಯ ಕಂಪ್ಯೂಟರನ್ನು ಕೇಬಲಿನಿಂದ ಬಿಡಿಸಿರಲಿಲ್ಲ. ಎರಡು ಜೋಡಿಗಳಿಗೆ `Normal` ಎಂದು ಬಂತು, ಆದರೆ ಅವುಗಳ ಉದ್ದ ಸಿಗಲಿಲ್ಲ. ಪಲ್ಸ್ ಕಂಪ್ಯೂಟರಿನಲ್ಲಿ ಇಂಗಿಹೋದರೆ ಉದ್ದ ಅಳೆಯಲು ಏನೂ ಉಳಿಯುವುದಿಲ್ಲವಲ್ಲ! "ಬೇಟಾ, ಆ ತುದಿ ಬಿಡಿಸಿ ಬಾ, ಒಳ್ಳೆ ಜೋಡಿಯೂ ಮಾತಾಡಲಿ" ಎಂದರು ಮಾಮು. ಆ ತುದಿಯಲ್ಲಿ ಏನೂ ಇಲ್ಲದಿದ್ದರೆ ಸರಿಯಾದ ಜೋಡಿಯೂ ಕೇಬಲ್ ಮುಗಿಯುವಲ್ಲಿ ಓಪನ್ ತೋರಿಸುತ್ತದೆ. ಆಗ ಅದು ಕೇಬಲಿನ ಪೂರ್ತಿ ಉದ್ದ. ಇದು ಮುಂದೆ ನಮ್ಮನ್ನು ಉಳಿಸಿತು. ಬಿಡಿಸಿ ಬಂದು ಮತ್ತೆ ಮಾಡಿದಾಗ ಸಿಕ್ಕಿದ್ದು ಇದು:

```
Interface Speed Local pair Pair length       Remote pair Pair status
--------- ----- ---------- ----------------- ----------- -----------
Gi0/3     auto  Pair A     66  +/- 4 meters  N/A         Open
                Pair B     40  +/- 4 meters  N/A         Open
                Pair C     40  +/- 4 meters  N/A         Short
                Pair D     66  +/- 4 meters  N/A         Open
```

ಇದನ್ನು ಓದುವುದು ಹೀಗೆ. `Pair A` ಎಂದರೆ ಪ್ಲಗ್ಗಿನ 1 ಮತ್ತು 2ನೇ ಪಿನ್ನಿನ ಜೋಡಿ, `B` ಎಂದರೆ 3 ಮತ್ತು 6, `C` ಎಂದರೆ 4 ಮತ್ತು 5, `D` ಎಂದರೆ 7 ಮತ್ತು 8. ನಮ್ಮ ಕಡೆ ಸಾಮಾನ್ಯವಾಗಿ ಮಾಡುವ ಜೋಡಣೆಯಲ್ಲಿ ಇವು ಕ್ರಮವಾಗಿ ಕಿತ್ತಳೆ, ಹಸಿರು, ನೀಲಿ ಮತ್ತು ಕಂದು ಬಣ್ಣದ ಜೋಡಿಗಳು. ಕಿತ್ತಳೆ ಮತ್ತು ಕಂದು ಕೊನೆಯವರೆಗೂ ಚೆನ್ನಾಗಿವೆ. 40 ಮೀಟರ್ ಎಂದು ತೋರಿಸುವಲ್ಲಿ ಹಸಿರು ತುಂಡಾಗಿದೆ, ಅಲ್ಲೇ ನೀಲಿಯ ಎರಡು ತಂತಿಗಳು ಒಂದಕ್ಕೊಂದು ತಾಗಿವೆ. ನೀಲಿ ಮತ್ತು ಕಂದು ಮಾತ್ರ ಹೋಗಿದ್ದರೆ ನೆಟ್‌ವರ್ಕ್ 100 ಎಂಬಿಪಿಎಸ್ ವೇಗಕ್ಕೆ ಇಳಿದು ಹೇಗೋ ನಡೆಯಬಹುದಿತ್ತು, ಯಾಕೆಂದರೆ ಆ ವೇಗಕ್ಕೆ ಕಿತ್ತಳೆ ಮತ್ತು ಹಸಿರು ಸಾಕು. ಇಲ್ಲಿ ಹಸಿರೇ ಹೋಗಿದ್ದರಿಂದ ಪೂರ್ತಿ ಬಂದ್.

ಈಗ ಜಗಳದ ವಿಷಯಕ್ಕೆ ಬರೋಣ. ನಾನು ಅಟ್ಟ ಹತ್ತಿ, ಎಲೆಕ್ಟ್ರಿಷಿಯನ್ ಅಣ್ಣ ಕ್ಲಿಪ್ ಹೊಡೆದ ಜಾಗ ನೋಡಿದೆ. ಅದು ಎಷ್ಟು ಮೀಟರ್ ದೂರ ಎಂದು ಟೇಪ್ ಹಿಡಿದು ಅಳೆಯಬೇಕಾಗಲಿಲ್ಲ. ನೆಟ್‌ವರ್ಕ್ ಕೇಬಲಿನ ಹೊದಿಕೆಯ ಮೇಲೆ ಪ್ರತಿ ಮೀಟರಿಗೆ ಒಂದೊಂದು ಸಂಖ್ಯೆ ಅಚ್ಚಾಗಿರುತ್ತದೆ. 305 ಮೀಟರಿನ ಪೆಟ್ಟಿಗೆಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಅದನ್ನು ಹಾಕುತ್ತಾರೆ. ನೀವೂ ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್ ಕೇಬಲನ್ನು ಹತ್ತಿರದಿಂದ ನೋಡಿ, ಸಣ್ಣ ಅಕ್ಷರದಲ್ಲಿ ಸಿಗಬಹುದು. ನಮ್ಮ ಕೇಬಲಿನ ಆಫೀಸ್ ತುದಿಯಲ್ಲಿ 214 ಇತ್ತು, ತೂಕದ ಕೋಣೆಯ ತುದಿಯಲ್ಲಿ 276. ಕ್ಲಿಪ್ ಇದ್ದದ್ದು 257ರ ಹತ್ತಿರ. ಅಂದರೆ ಸ್ವಿಚ್‌ನಿಂದ 43 ಮೀಟರ್.

ಸ್ವಿಚ್ ಹೇಳುತ್ತಿರುವುದು 40, ಹೆಚ್ಚುಕಡಿಮೆ 4. ಅಂದರೆ 36ರಿಂದ 44ರ ನಡುವೆ ಎಲ್ಲಾದರೂ. 43 ಅದರೊಳಗೇ ಬರುತ್ತದೆ. ನಾನು ಕೆಳಗಿಳಿದು ಇದನ್ನು ಹೇಳಿದಾಗ ಯಜಮಾನರು, "ನೋಡಿದ್ರಾ, ಮಷೀನೇ ಹೇಳ್ತಿದೆ" ಎಂದರು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಎಲೆಕ್ಟ್ರಿಷಿಯನ್ ಅಣ್ಣ ಎದ್ದು ಹೊರಗೆ ಹೋಗಿ ನಿಂತರು.

ಮಾಮು ನನ್ನ ನೋಟ್‌ಬುಕ್ ತೆಗೆದುಕೊಂಡು 66ಕ್ಕೆ ಒಂದು ಸುತ್ತು ಹಾಕಿದರು. "276ರಲ್ಲಿ 214 ಕಳೆದರೆ ಎಷ್ಟು?"

62.

"ಹಾಗಾದರೆ ಒಳ್ಳೆ ಜೋಡಿ 66 ಅಂತ ಯಾಕೆ ಹೇಳಿತು?"

ಸ್ವಿಚ್‌ಗೆ ಮೀಟರ್ ಗೊತ್ತಿಲ್ಲ, ಅದು ಅಳೆಯುವುದು ಸಮಯವನ್ನು. ವೇಗ ಎಷ್ಟು ಎಂಬುದನ್ನು ಅದನ್ನು ತಯಾರಿಸಿದವರು ಅಂದಾಜು ಮಾಡಿ ಒಳಗೆ ಬರೆದಿಟ್ಟಿರುತ್ತಾರೆ. ನಿಜವಾದ ವೇಗ ಕೇಬಲಿನಿಂದ ಕೇಬಲಿಗೆ ಬೇರೆಯಾಗುತ್ತದೆ, ತಂತಿಯ ಸುತ್ತಲಿನ ಪ್ಲಾಸ್ಟಿಕ್ ಹೇಗಿದೆ ಎಂಬುದರ ಮೇಲೆ. ಜೊತೆಗೆ ಒಳಗಿನ ಜೋಡಿಗಳನ್ನು ಹೆಣೆದಿರುವುದರಿಂದ ಹೊದಿಕೆಗಿಂತ ತಂತಿ ಸ್ವಲ್ಪ ಉದ್ದವಿರುತ್ತದೆ. ನಮ್ಮ ಕೇಬಲಿನಲ್ಲಿ ಪಲ್ಸ್ ಸ್ವಿಚ್ ಎಣಿಸಿದ್ದಕ್ಕಿಂತ ನಿಧಾನವಾಗಿ ಓಡುತ್ತಿತ್ತು, ಹಾಗಾಗಿ ಅದು ಎಲ್ಲ ದೂರವನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚು ಮಾಡಿ ಹೇಳುತ್ತಿತ್ತು. 62 ಇದ್ದದ್ದನ್ನು 66 ಎನ್ನುವ ಸ್ವಿಚ್ 40 ಎಂದರೆ ನಿಜವಾದದ್ದು ಎಷ್ಟು? ಹೈಸ್ಕೂಲಿನ ತ್ರೈರಾಶಿ ಲೆಕ್ಕ: 40 × 62 ÷ 66, ಅಂದರೆ 37.6 ಮೀಟರ್. ತಿರುಗಿಸಿಯೂ ನೋಡಬಹುದು. ಕ್ಲಿಪ್ಪಿನ ಮೊಳೆಯೇ ಹೊಕ್ಕಿದ್ದರೆ 43 ಮೀಟರನ್ನು ಈ ಸ್ವಿಚ್ 46 ಎಂದು ಹೇಳಬೇಕಿತ್ತು. ಅದು ಹೇಳಿದ್ದು 40.

ಆ `+/- 4` ಬಹುಪಾಲು ಇಂಥ ವೇಗದ ಅಂದಾಜಿನ ತಪ್ಪಿಗಾಗಿಯೇ ಇಟ್ಟಿರುವ ಜಾಗ. ಅದೇ ಕೇಬಲಿನ ಒಳ್ಳೆಯ ಜೋಡಿಯಿಂದ ಪ್ರಮಾಣ ತೆಗೆದರೆ ತಪ್ಪು ಒಂದೆರಡು ಮೀಟರಿಗೆ ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಕೇಳಿಸದಿರಲಿ ಎಂದು ನಾಲ್ಕನ್ನೂ ಬೇರೆ ಬೇರೆ ಬಿಗಿತದಲ್ಲಿ ಹೆಣೆದಿರುತ್ತಾರೆ, ಅವುಗಳ ತಂತಿಯ ಉದ್ದ ಸ್ವಲ್ಪ ಸ್ವಲ್ಪ ಬೇರೆ.

ಮಾಮುಗೆ ಇಷ್ಟಕ್ಕೇ ಸಮಾಧಾನವಾಗಲಿಲ್ಲ. ಸ್ವಿಚ್ಚನ್ನು ಹೊತ್ತು ಹಿಂದಿನ ಕೋಣೆಗೆ ಹೋಗಿ ಆ ತುದಿಯಿಂದಲೂ ಪರೀಕ್ಷೆ ಮಾಡಿದೆವು. ಈ ಸಲ ಕಿತ್ತಳೆ ಮತ್ತು ಕಂದು ಮತ್ತೆ 66, ಹಸಿರು 26 ಓಪನ್, ನೀಲಿ 26 ಶಾರ್ಟ್. 26ನ್ನು ಅದೇ ಪ್ರಮಾಣದಲ್ಲಿ ಇಳಿಸಿದರೆ 24.4. ಆಫೀಸಿನಿಂದ 37.6, ಹಿಂದಿನಿಂದ 24.4, ಕೂಡಿದರೆ ಸರಿಯಾಗಿ 62.

ಅಕೌಂಟೆನ್ಸಿ ಓದುವವರಿಗೆ ಇದು ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಹಾಗೆ. ಎರಡು ಕಡೆಯ ಮೊತ್ತ 62ಕ್ಕಿಂತ ಕಡಿಮೆ ಬಂದಿದ್ದರೆ, ಉದಾಹರಣೆಗೆ 37 ಮತ್ತು 15, ಆಗ ಕೇಬಲ್ ಎರಡು ಕಡೆ ತುಂಡಾಗಿದೆ ಎಂದರ್ಥ. ಪಲ್ಸ್ ಮೊದಲ ತುಂಡಿನಿಂದಲೇ ತಿರುಗಿ ಬರುವುದರಿಂದ ಅದರ ಆಚೆ ಏನಿದೆ ಎಂದು ಒಂದು ತುದಿಯಿಂದ ಕಾಣುವುದಿಲ್ಲ. ಒಂದೇ ಕಡೆಯಿಂದ ಅಳೆದು, ಒಂದು ಗಾಯ ಸರಿಮಾಡಿ, ಏಣಿ ಕೆಳಗಿಳಿಸಿದ ಮೇಲೆ ಎರಡನೆಯದು ಗೊತ್ತಾದರೆ ಬೈಸಿಕೊಳ್ಳಬೇಕಾಗುತ್ತದೆ.

214ಕ್ಕೆ 37.6 ಕೂಡಿಸಿದರೆ 251.6. ಟಾರ್ಚ್ ಹಿಡಿದು ಅಟ್ಟದಲ್ಲಿ ತೆವಳುತ್ತಾ ಕೇಬಲಿನ ಮೇಲಿನ ಸಂಖ್ಯೆ ಓದುತ್ತಾ ಹೋದೆ. ಧೂಳು ಒರೆಸದೆ ಯಾವುದೂ ಕಾಣುವುದಿಲ್ಲ. 248, 249, 250. 251 ದಾಟಿ ಒಂದೆರಡು ಗೇಣು ಹೋಗುವಷ್ಟರಲ್ಲಿ ಬೆರಳಿಗೆ ಒರಟು ತಾಗಿತು. ಎರಡು ಪಕಾಸುಗಳ ನಡುವೆ ಕೇಬಲಿನ ಹೊದಿಕೆ ನಾಲ್ಕು ಬೆರಳಗಲ ಇರಲೇ ಇಲ್ಲ. ಹಸಿರು ತಂತಿ ತುಂಡಾಗಿತ್ತು, ನೀಲಿಯ ಪ್ಲಾಸ್ಟಿಕ್ ಸುಲಿದು ತಾಮ್ರ ತಾಮ್ರಕ್ಕೆ ಒತ್ತಿಕೊಂಡಿತ್ತು. ಸುತ್ತ ನಾರು, ಹಿಕ್ಕೆ, ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಚೂರು. ಇಲಿಯೋ ಅಳಿಲೋ ನಾನು ಹೇಳಲಾರೆ, ಮೊಳೆಯಂತೂ ಅಲ್ಲ. ಅಲ್ಲಿಂದ ಐದು ಮೀಟರಿನಾಚೆ ಎಲೆಕ್ಟ್ರಿಷಿಯನ್ ಅಣ್ಣನ ಕ್ಲಿಪ್ಪುಗಳನ್ನೂ ನೋಡಿದೆ. ಒಂದೂ ಕೇಬಲಿನ ಮೈ ಮುಟ್ಟಿರಲಿಲ್ಲ.

ಫೋಟೊ ತೆಗೆದು ಯಜಮಾನರಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ಕ್ಯಾಷ್ ಡ್ರಾಯರ್ ಎಳೆದು, ಹೊರಗೆ ನಿಂತವರನ್ನು ಕರೆದರು. ಚಹಾ ನಾಲ್ಕು ಜನರಿಗೆ ಬಂತು.

ಕೆಟ್ಟ ಭಾಗ ಕತ್ತರಿಸಿ ತೆಗೆದು, ಎರಡೂ ತುದಿಗೆ ಹೊಸ ಪ್ಲಗ್ ಹಾಕಿ, ಒಂದು ಕಪ್ಲರ್‌ನಿಂದ ಜೋಡಿಸಿ, ಆ ಭಾಗವನ್ನು ಪಿವಿಸಿ ಪೈಪಿನೊಳಗೆ ಸೇರಿಸಿದೆವು. ಕೇಬಲ್ ಅಲ್ಲಿ ಸ್ವಲ್ಪ ಸಡಿಲವಿದ್ದದ್ದು ಅದೃಷ್ಟ. ತಂತಿ ತಿರುಚಿ ಟೇಪ್ ಸುತ್ತುವವರಿದ್ದಾರೆ, ಮಾಮು ಹಾಗೆ ಮಾಡಲು ಬಿಡುವುದಿಲ್ಲ. ಮತ್ತೆ ಪರೀಕ್ಷಿಸಿದಾಗ ನಾಲ್ಕೂ ಜೋಡಿ ಕೊನೆಯವರೆಗೆ ಓಪನ್ ತೋರಿಸಿದವು. ಕಂಪ್ಯೂಟರ್ ಸಿಕ್ಕಿಸಿದ ಮೇಲೆ ನಾಲ್ಕೂ `Normal`, ವೇಗ 1000. ಹೊಸ ಕೇಬಲ್ ಎಳೆದಿದ್ದರೆ ಕೇಬಲಿನ ಬೆಲೆಗಿಂತ ಆ ಹೆಂಚಿನಡಿ ತೆವಳುವ ಕೂಲಿಯೇ ಜಾಸ್ತಿಯಾಗುತ್ತಿತ್ತು.

ಇದನ್ನು ಯಾರಾದರೂ ಮಾಡಿ ನೋಡುವುದಾದರೆ ಎರಡು ವಿಷಯ ನೆನಪಿಡಿ. ಪರೀಕ್ಷೆ ನಡೆಯುವಾಗ ಆ ಪೋರ್ಟ್‌ನ ಸಂಪರ್ಕ ಕಡಿಯುತ್ತದೆ. ಆಚೆ ಯಾರಾದರೂ ಬಿಲ್ ಮಾಡುತ್ತಿದ್ದರೆ ಹೇಳದೆ ಕೇಳದೆ ಒತ್ತಬೇಡಿ. ಇನ್ನೊಂದು, ದೋಷ ಸ್ವಿಚ್‌ನ ತೀರಾ ಹತ್ತಿರದಲ್ಲಿದ್ದರೆ, ಅಂದರೆ ಪ್ಲಗ್ಗಿನಲ್ಲೇ ಅಥವಾ ಮೊದಲ ಒಂದೆರಡು ಮೀಟರಿನಲ್ಲಿ ಇದ್ದರೆ, ಹೋಗುವ ಪಲ್ಸ್ ಪೂರ್ತಿ ಹೊರಡುವ ಮೊದಲೇ ವಾಪಸ್ ಬಂದದ್ದು ಅದರ ಮೇಲೆ ಬೀಳುತ್ತದೆ, ಅಂಕಿ ನಂಬುವ ಹಾಗಿರುವುದಿಲ್ಲ. ಆಗ ಮಾಮು ಹತ್ತು ಮೀಟರಿನ ಒಳ್ಳೆಯ ಕೇಬಲನ್ನು ಮಧ್ಯೆ ಕಪ್ಲರ್ ಹಾಕಿ ಸೇರಿಸುತ್ತಾರೆ, ಬಂದ ಅಂಕಿಯಲ್ಲಿ ಆ ಹತ್ತನ್ನು ಕಳೆಯುತ್ತಾರೆ.

ಟಿಡಿಆರ್ ಕೈಕೊಟ್ಟದ್ದನ್ನೂ ನೋಡಿದ್ದೇನೆ. ಜೂನ್‌ನಲ್ಲಿ ಯಲ್ಲಾಪುರದ ಒಂದು ಅಂಗಡಿಯಲ್ಲಿ. ಅಂಗಡಿಯಿಂದ ಹಿಂದಿನ ಮನೆಗೆ ಗೋಡೆಯ ಹೊರಗಿನಿಂದ ಕೇಬಲ್ ಹೋಗಿತ್ತು. ಮಳೆ ಬಂದರೆ ನೆಟ್ ನಿಂತು ನಿಂತು ಬರುತ್ತದೆ ಎಂಬುದು ಅವರ ದೂರು. ನಾವು ಹೋದಾಗ ಬಿಸಿಲು. ತುದಿ ಬಿಡಿಸಿ ಅಳೆದರೆ ನಾಲ್ಕೂ ಜೋಡಿ 48, ಓಪನ್. ಯಾವ ದೋಷವೂ ಇಲ್ಲ. ಸಂಜೆ ಜೋರು ಮಳೆ ಹಿಡಿದ ಮೇಲೆ ಮತ್ತೆ ಅಳೆದೆವು. ಆಗಲೂ ನಾಲ್ಕೂ ಓಪನ್, ಎರಡು ಜೋಡಿ ಮಾತ್ರ 50. ಕೇಬಲ್ ಮಳೆಗೆ ಬೆಳೆಯುವುದಿಲ್ಲವಲ್ಲ ಎಂದು ನಾನು ನಕ್ಕೆ. ಮಾಮು ನಗಲಿಲ್ಲ. ಪ್ಲಾಸ್ಟಿಕ್ಕಿನ ಜಾಗದಲ್ಲಿ ನೀರು ಸೇರಿದರೆ ಪಲ್ಸ್ ನಿಧಾನವಾಗುತ್ತದೆ, ನಿಧಾನವಾದರೆ ಉದ್ದ ಹೆಚ್ಚಾಗಿ ಕಾಣುತ್ತದೆ. ನೀರು ನುಗ್ಗಿದ ಜಾಗದಿಂದ ಬರುವ ಪ್ರತಿಧ್ವನಿ ತುಂಡಾದ ತಂತಿಯಿಂದ ಬರುವಷ್ಟು ದೊಡ್ಡದಲ್ಲ. ದೊಡ್ಡ ಪ್ರತಿಧ್ವನಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ವಿಚ್ ಅದನ್ನು ಬಿಟ್ಟುಬಿಡುತ್ತದೆ. ಲಕ್ಷಗಟ್ಟಲೆ ಬೆಲೆಯ ಕೇಬಲ್ ಟೆಸ್ಟರ್ ಆಗಿದ್ದರೆ ತೋರಿಸುತ್ತಿತ್ತೇನೋ.

ಅಲ್ಲಿ ಉಪಯೋಗಕ್ಕೆ ಬಂದದ್ದು ಬೇರೆಯದು. ಕೇಬಲನ್ನು ಮತ್ತೆ ಎರಡೂ ಕಡೆ ಸಿಕ್ಕಿಸಿ, `show interfaces gigabitethernet 0/3` ಎಂದು ಕೊಟ್ಟರೆ `CRC` ಎಂಬ ಎಣಿಕೆ ಕಾಣುತ್ತದೆ, ಹಾಳಾಗಿ ತಲುಪಿದ ಡೇಟಾ ತುಣುಕುಗಳ ಲೆಕ್ಕ. ಮಧ್ಯಾಹ್ನ ಒಂದು ಗಂಟೆ ಬಿಟ್ಟು ನೋಡಿದಾಗ ಅದು ಸೊನ್ನೆ ಇತ್ತು. ಮಳೆಯಲ್ಲಿ ಹತ್ತು ನಿಮಿಷಕ್ಕೆ ಸಾವಿರ ದಾಟಿತು. ದೋಷ ಕೇಬಲಿನಲ್ಲೇ ಇದೆ, ಎಲ್ಲಿ ಎಂದು ಕಣ್ಣಿನಿಂದಲೇ ಹುಡುಕಬೇಕು ಎಂದಾಯಿತು. ಕೊಡೆ ಹಿಡಿದು ಗೋಡೆಯುದ್ದಕ್ಕೂ ಹೋದೆವು. ಒಳಾಂಗಣಕ್ಕೆಂದು ಮಾಡಿದ ಕೇಬಲನ್ನು ಹೊರಗೆ ಹಾಕಿದ್ದರು, ಬಿಸಿಲಿಗೆ ಹೊದಿಕೆ ಸೀಳು ಸೀಳಾಗಿತ್ತು. ಸೂರಿನ ನೀರು ಬೀಳುವಲ್ಲಿ ಚಾಕುವಿನಿಂದ ಕೊಯ್ದು ಅಲ್ಲಾಡಿಸಿದಾಗ ಒಳಗಿನಿಂದ ನೀರು ತೊಟ್ಟಿಕ್ಕಿತು. ಅಲ್ಲಿ ಮಾತ್ರ 48 ಮೀಟರನ್ನೂ ಕಿತ್ತು, ಹೊರಗೆ ಹಾಕುವ ಕಪ್ಪು ಹೊದಿಕೆಯ ಕೇಬಲ್ ಎಳೆದೆವು.